ಮೊದಲ ದಿನವೇ ಒಂದೂವರೆ ಲಕ್ಷ ಯಾಕೆ ಹೋಗುವುದಿಲ್ಲ?

ಬಾಡಿಗೆ ಮನೆಗೆ ₹1,50,000 ಅಡ್ವಾನ್ಸ್ ಕೊಡಬೇಕು, ಮಾಲೀಕರು ನಾಳೆ ಬೆಳಿಗ್ಗೆ ಕೇಳಿದ್ದಾರೆ ಅಂದುಕೊಳ್ಳಿ. ಇವತ್ತು ಸಂಜೆಯಷ್ಟೇ ನೆಟ್ ಬ್ಯಾಂಕಿಂಗ್ ಶುರು ಮಾಡಿದ್ದರೆ, ಖಾತೆಯಲ್ಲಿ ದುಡ್ಡಿದ್ದರೂ ಅಷ್ಟೂ ಒಟ್ಟಿಗೆ ಹೋಗದಿರಬಹುದು.

ನೋಂದಣಿಗೆ ಪಾಸ್‌ಬುಕ್, ಎಟಿಎಂ ಕಾರ್ಡ್, ಖಾತೆಗೆ ಜೋಡಿಸಿದ ಮೊಬೈಲ್ ಕೈಯಲ್ಲಿರಲಿ. ಬ್ಯಾಂಕಿನ ವಿಳಾಸವನ್ನು ನೀವೇ ಟೈಪ್ ಮಾಡಿ, ಈಗ ಅದು .bank.in ಎಂದು ಕೊನೆಯಾಗಬೇಕು. ಗೂಗಲ್‌ನಲ್ಲಿ ಹುಡುಕಿ ಮೊದಲು ಸಿಕ್ಕಿದ್ದನ್ನು ಒತ್ತಬೇಡಿ. ಕೆಲವು ಬ್ಯಾಂಕುಗಳಲ್ಲಿ ಎಟಿಎಂ ಕಾರ್ಡ್ ಇಲ್ಲದೆ ನೋಂದಾಯಿಸಿದರೆ ಬ್ಯಾಲೆನ್ಸ್ ಮಾತ್ರ ಕಾಣುತ್ತದೆ. ಹಣ ಕಳಿಸುವ ಹಕ್ಕಿಗೆ ಶಾಖೆಗೇ ಹೋಗಬೇಕಾಗುತ್ತದೆ.

ಮುಂದಿನದು ಮಾಲೀಕರನ್ನು ಬೆನಿಫಿಷಿಯರಿಯಾಗಿ, ಅಂದರೆ ಹಣ ಪಡೆಯುವವರಾಗಿ, ಸೇರಿಸುವುದು. ಅವರ ಬ್ಯಾಂಕ್ ಶಾಖೆಯನ್ನು ಗುರುತಿಸುವ ಐಎಫ್‌ಎಸ್‌ಸಿ ಕೋಡ್‌ನಲ್ಲಿ 11 ಅಕ್ಷರ. ಐದನೆಯದು ಸೊನ್ನೆ, ಇಂಗ್ಲಿಷಿನ ‘ಓ’ ಅಲ್ಲ. ಅದಕ್ಕಿಂತ ಮುಖ್ಯ ಖಾತೆ ಸಂಖ್ಯೆ, ಯಾಕೆಂದರೆ ಬ್ಯಾಂಕಿನಿಂದ ಬ್ಯಾಂಕಿಗೆ ಹಣ ಕಳಿಸುವ ನೆಫ್ಟ್‌ನಲ್ಲಿ ಹಣ ಜಮೆಯಾಗುವುದು ಸಂಖ್ಯೆ ನೋಡಿಯೇ ಹೊರತು ನೀವು ಬರೆದ ಹೆಸರು ನೋಡಿ ಅಲ್ಲ. ಒಂದು ಅಂಕಿ ತಪ್ಪಿ ಅದು ಬೇರೆಯವರ ಖಾತೆಯಾಗಿದ್ದರೆ ದುಡ್ಡು ಅಲ್ಲಿಗೇ ಸೇರುತ್ತದೆ. ಆ ಖಾತೆ ನಿಜವಾಗಿ ಯಾರ ಹೆಸರಿನಲ್ಲಿದೆ ಎಂದು ಪರದೆ ತೋರಿಸುವ ಸೌಲಭ್ಯ 2025ರಿಂದ ನೆಫ್ಟ್‌ಗೂ, ದೊಡ್ಡ ಮೊತ್ತ ಕಳಿಸುವ ಆರ್‌ಟಿಜಿಎಸ್‌ಗೂ ಬಂದಿದೆ. ಅದನ್ನು ಓದದೆ ಮುಂದಕ್ಕೆ ಹೋಗಬೇಡಿ.

ಸೇರಿಸಿದ ಮೇಲೆ ಕಾಯುವ ಹೊತ್ತು ಶುರು. ಹಲವು ಬ್ಯಾಂಕುಗಳು ಹೊಸ ಬೆನಿಫಿಷಿಯರಿಗೆ ಮೊದಲ 24 ಗಂಟೆ ಇಷ್ಟೇ ಎಂದು ಮಿತಿ ಹಾಕುತ್ತವೆ. ನಿಮ್ಮ ಬ್ಯಾಂಕಿನದು ₹50,000 ಆಗಿದ್ದರೆ, ಐವತ್ತರಂತೆ ಮೂರು ಸಲ ಕಳಿಸುವ ಜಾಣತನ ನಡೆಯದು: ಮಿತಿ ಇರುವುದು ಒಟ್ಟು ಮೊತ್ತಕ್ಕೆ. ಇದು ಕಿರಿಕಿರಿ ಅನಿಸಿದರೂ ಕಾರಣವಿದೆ. ಪಾಸ್‌ವರ್ಡ್ ಕದ್ದವನು ಮೊದಲು ಮಾಡುವ ಕೆಲಸ ತನ್ನ ಖಾತೆಯನ್ನು ಸೇರಿಸುವುದು. ಆಗ ನಿಮ್ಮ ಮೊಬೈಲಿಗೆ ಮೆಸೇಜ್ ಬರುತ್ತದೆ, ತಡೆಯಲು ಸಮಯ ಸಿಗುತ್ತದೆ. ನಮ್ಮ ಉದಾಹರಣೆಯಲ್ಲಿ ಇವತ್ತು ಮೊದಲು ಒಂದು ರೂಪಾಯಿ ಕಳಿಸಿ, ಸೇರಿತೇ ಎಂದು ಮಾಲೀಕರನ್ನು ಕೇಳಿ. ಆಮೇಲೆ ₹49,999, ಉಳಿದ ಲಕ್ಷ ನಾಳೆ ಸಂಜೆ. ಆಗಲೂ ತಡೆದರೆ ನಿಮ್ಮ ದಿನದ ಮಿತಿ ಕಡಿಮೆ ಇದೆಯೇನೋ ಎಂದು ಸೆಟ್ಟಿಂಗ್ಸ್‌ನಲ್ಲಿ ನೋಡಿ.

ಒಟಿಪಿ ಬಂದಾಗ ಬಹುತೇಕರು ಅಂಕಿಗಳನ್ನಷ್ಟೇ ನೋಡುತ್ತಾರೆ. ಮೆಸೇಜ್ ಪೂರ್ತಿ ಓದಿ: ಅದು ಬೆನಿಫಿಷಿಯರಿ ಸೇರಿಸಲೋ, ಹಣ ಕಳಿಸಲೋ, ಎಷ್ಟು ಮೊತ್ತಕ್ಕೋ ಎಂದು ಅಲ್ಲೇ ಬರೆದಿರುತ್ತದೆ. ತಡವಾಯಿತೆಂದು ‘ರೀಸೆಂಡ್’ ಒತ್ತಿದ್ದರೆ ಸಾಮಾನ್ಯವಾಗಿ ಕೊನೆಯದೇ ಕೆಲಸ ಮಾಡುತ್ತದೆ, ಹಳೆಯದನ್ನು ಹಾಕಿದರೆ ತಪ್ಪು ಎನ್ನುತ್ತದೆ. ನೀವು ಏನೂ ಮಾಡದೆ ಕೂತಿದ್ದಾಗ ಬೆನಿಫಿಷಿಯರಿ ಸೇರಿಸುವ ಒಟಿಪಿ ಬಂದರೆ, ನಿಮ್ಮ ಪಾಸ್‌ವರ್ಡ್ ಬೇರೆಯವರ ಕೈಲಿದೆ ಅಂತಲೇ ತಿಳಿಯಿರಿ. ತಕ್ಷಣ ಪಾಸ್‌ವರ್ಡ್ ಬದಲಿಸಿ, ಕಾರ್ಡಿನ ಹಿಂದಿರುವ ಬ್ಯಾಂಕಿನ ನಂಬರಿಗೆ ಫೋನ್ ಮಾಡಿ; ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ.