ಸಿಂಧುತ್ವದ ಸರಪಳಿ ಎಲ್ಲಿ ನಿಲ್ಲುತ್ತದೆ? ಹಾರ್ಟ್‌ನ ‘ಗುರುತಿಸುವ ನಿಯಮ’ದ ಟಿಪ್ಪಣಿ

ಬ್ರಿಟಿಷ್ ಕಾನೂನು ತತ್ವಜ್ಞಾನಿ ಎಚ್.ಎಲ್.ಎ. ಹಾರ್ಟ್‌ನ ‘ದಿ ಕಾನ್ಸೆಪ್ಟ್ ಆಫ್ ಲಾ’ (1961) ಪುಸ್ತಕದ ಐದು ಮತ್ತು ಆರನೇ ಅಧ್ಯಾಯಗಳನ್ನು ಮೂರು ಸಲ ಓದಿದ ಮೇಲೆ ಬರೆದ ಟಿಪ್ಪಣಿ ಇದು. ಮೊದಲ ಭಾಗ ನನಗೆ ಬೇಗ ಅರ್ಥವಾಯಿತು, ಅದನ್ನು ಚಿಕ್ಕದಾಗಿ ಮುಗಿಸುತ್ತೇನೆ. ಒಂದು ಕಡೆ ಮಾತ್ರ ಎರಡು ವಾರ ಸಿಕ್ಕಿಹಾಕಿಕೊಂಡಿದ್ದೆ. ಅದನ್ನು ಬಿಡಿಸಿ ಬರೆಯುತ್ತೇನೆ.

ಎರಡು ಬಗೆಯ ನಿಯಮಗಳು

ಪ್ರೈಮರಿ ಅಥವಾ ಪ್ರಾಥಮಿಕ ನಿಯಮ ಜನರ ನಡತೆಗೆ ಸಂಬಂಧಿಸಿದ್ದು. ಕದಿಯಬೇಡ, ಹೊಡೆಯಬೇಡ, ತೆರಿಗೆ ಕಟ್ಟು. ಸೆಕೆಂಡರಿ ಅಥವಾ ದ್ವಿತೀಯ ನಿಯಮ ಆ ನಿಯಮಗಳ ಬಗ್ಗೆಯೇ ಇರುವ ನಿಯಮ. ‘ದ್ವಿತೀಯ’ ಅಂದರೆ ಮಹತ್ವ ಕಡಿಮೆ ಅಂತಲ್ಲ. ಮೊದಲನೆಯದರ ಮೇಲೆ ಕೂತಿರುವುದು ಅಂತ ಅಷ್ಟೇ.

ಪ್ರಾಥಮಿಕ ನಿಯಮ ಮಾತ್ರ ಇರುವ ಒಂದು ಸಮುದಾಯವನ್ನು ಹಾರ್ಟ್ ಕಲ್ಪಿಸಿಕೊಳ್ಳುತ್ತಾನೆ. ಅಲ್ಲಿ ಮೂರು ತೊಂದರೆ. ಯಾವುದು ನಿಜಕ್ಕೂ ನಮ್ಮ ನಿಯಮ ಅಂತ ಅನುಮಾನ ಬಂದರೆ ಬಗೆಹರಿಸಲು ದಾರಿಯಿಲ್ಲ. ಹಳೆಯ ನಿಯಮವನ್ನು ಬೇಕೆಂದು ಬದಲಿಸಲು ದಾರಿಯಿಲ್ಲ. ನಿಯಮ ಮುರಿದಿದ್ದಾರೋ ಇಲ್ಲವೋ ಎಂಬ ಜಗಳಕ್ಕೆ ಕೊನೆಯ ಮಾತು ಹೇಳುವವರಿಲ್ಲ. ಮೂರಕ್ಕೂ ಒಂದೊಂದು ದ್ವಿತೀಯ ನಿಯಮ ಮದ್ದು: ಗುರುತಿಸುವ ನಿಯಮ (ರೂಲ್ ಆಫ್ ರೆಕಗ್ನಿಷನ್), ಬದಲಾವಣೆಯ ನಿಯಮ, ತೀರ್ಪಿನ ನಿಯಮ. ಈ ಎರಡು ಬಗೆ ಒಂದಕ್ಕೊಂದು ಹೆಣೆದುಕೊಂಡಿರುವುದನ್ನೇ ಹಾರ್ಟ್ ‘ಯೂನಿಯನ್’ ಅನ್ನುವುದು. ಕಾನೂನಿನ ತಿರುಳು ಇಲ್ಲಿದೆ ಎನ್ನುವುದು ಅವನ ವಾದ.

ಇದು ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ಕಾನೂನು ಚಿಂತಕ ಜಾನ್ ಆಸ್ಟಿನ್‌ಗೆ ಕೊಟ್ಟ ಉತ್ತರ ಅಂತ ನೆನಪಿಟ್ಟುಕೊಂಡರೆ ಚೆನ್ನಾಗಿ ಕೂರುತ್ತದೆ. ಆಸ್ಟಿನ್ ಪ್ರಕಾರ ಕಾನೂನು ಅಂದರೆ ಸಾರ್ವಭೌಮನ ಆಜ್ಞೆ. ಜನ ಯಾರಿಗೆ ರೂಢಿಯಿಂದ ವಿಧೇಯರಾಗಿರುತ್ತಾರೋ ಅವನೇ ಸಾರ್ವಭೌಮ. ಹಾರ್ಟ್ ಕೇಳುವುದು ಇಷ್ಟೇ: ಮೊದಲನೇ ರೆಕ್ಸ್ ಎಂಬ ರಾಜ ಸತ್ತ, ಮಗ ಎರಡನೇ ರೆಕ್ಸ್ ಪಟ್ಟಕ್ಕೆ ಬಂದ. ಮಗನ ಮಾತು ಕೇಳುವ ರೂಢಿ ಇನ್ನೂ ಯಾರಿಗೂ ಆಗಿಲ್ಲ. ಹಾಗಾದರೆ ಅವನ ಮೊದಲ ಆಜ್ಞೆ ಕಾನೂನು ಹೇಗಾಯಿತು? ರೂಢಿ ಅಪ್ಪನ ಜೊತೆಗೇ ಹೋಯಿತು. ಮಗನಿಗೆ ಸಿಕ್ಕಿದ್ದು ಹಕ್ಕು, ಮತ್ತು ಹಕ್ಕು ಕೊಡಲು ನಿಯಮವೇ ಬೇಕು. ಆಜ್ಞೆಯ ಕೆಳಗೆ ನಿಯಮ ಇದೆ ಅನ್ನುವುದು ಇಲ್ಲಿಂದ ಹೊರಡುತ್ತದೆ.

ನಾನು ಸಿಕ್ಕಿಹಾಕಿಕೊಂಡ ಜಾಗ

ಹಾರ್ಟ್ ಒಂದು ಸರಪಳಿ ಕೊಡುತ್ತಾನೆ. ಆಕ್ಸ್‌ಫರ್ಡ್‌ಶೈರ್ ಕೌಂಟಿ ಕೌನ್ಸಿಲ್‌ನ ಒಂದು ಉಪನಿಯಮ ಇದೆ. ಅದು ಸಿಂಧುವೇ? ಹೌದು, ಆರೋಗ್ಯ ಸಚಿವರ ಆದೇಶ ಕೊಟ್ಟ ಅಧಿಕಾರದಡಿ ಅದನ್ನು ಮಾಡಿದ್ದಾರೆ. ಆ ಆದೇಶ ಸಿಂಧುವೇ? ಹೌದು, ಒಂದು ಕಾಯ್ದೆ ಸಚಿವರಿಗೆ ಆ ಅಧಿಕಾರ ಕೊಟ್ಟಿದೆ. ಕಾಯ್ದೆ ಸಿಂಧುವೇ? ಹೌದು, ರಾಣಿ ಮತ್ತು ಸಂಸತ್ತು ಸೇರಿ ಮಾಡಿದ್ದು ಕಾನೂನು. ಈ ಕೊನೆಯ ವಾಕ್ಯವೇ ಬ್ರಿಟನ್ನಿನ ಗುರುತಿಸುವ ನಿಯಮ.

ನಾನು ತಪ್ಪಿದ್ದು ಇಲ್ಲೇ. ‘ಸರಿ, ಆ ನಿಯಮ ಸಿಂಧುವೇ?’ ಅಂತ ಮುಂದಕ್ಕೆ ಕೇಳಿದೆ. ಸಿಂಧು ಅಂದರೆ ಅದರ ಮೇಲೆ ಇನ್ನೊಂದು ನಿಯಮ ಬೇಕು, ಹಾಗೆ ಹೋದರೆ ಕೊನೆಯೇ ಇಲ್ಲ. ಅಸಿಂಧು ಅಂದರೆ ಕೆಳಗಿನದೆಲ್ಲ ಬಿದ್ದುಹೋಗುತ್ತದೆ. ಎರಡೂ ಸರಿಬರಲಿಲ್ಲ. ಕೊನೆಗೆ ‘ಸಿಂಧು ಅಂತ ಅಂದುಕೊಳ್ಳುತ್ತೇವೆ’ ಅಂತ ಬರೆದು ಸಮಾಧಾನ ಮಾಡಿಕೊಂಡೆ. ಅದು ಹಾರ್ಟ್‌ನ ಉತ್ತರ ಅಲ್ಲ. ಅದು ಹೆಚ್ಚುಕಮ್ಮಿ ಆಸ್ಟ್ರಿಯಾದ ಕಾನೂನು ಚಿಂತಕ ಹಾನ್ಸ್ ಕೆಲ್ಸನ್‌ನ ಉತ್ತರ. ಕೆಲ್ಸನ್‌ನ ‘ಗ್ರುಂಡ್‌ನಾರ್ಮ್’ ಅಂದರೆ ಕಾನೂನನ್ನು ಕಾನೂನಾಗಿ ನೋಡಬೇಕಾದರೆ ನಾವು ಮೊದಲೇ ಊಹಿಸಿಕೊಳ್ಳಬೇಕಾದ ಮೂಲ ನಿಯಮ. ಹಾರ್ಟ್‌ನ ಗುರುತಿಸುವ ನಿಯಮ ಊಹೆ ಅಲ್ಲ, ನಡೆಯುತ್ತಿರುವ ಸಂಗತಿ. ಪರೀಕ್ಷೆಯಲ್ಲಿ ಈ ಎರಡನ್ನು ಬೆರೆಸುವವರು ಜಾಸ್ತಿ.

ಹಾಗಾದರೆ ಉತ್ತರ ಏನು? ಸಿಂಧುತ್ವ ಅಂದರೆ ಗುರುತಿಸುವ ನಿಯಮ ಇಟ್ಟ ಪರೀಕ್ಷೆಯಲ್ಲಿ ಪಾಸಾಗುವುದು. ಆ ಪರೀಕ್ಷೆಯನ್ನೇ ಪರೀಕ್ಷೆಗೆ ಕೂರಿಸಲು ಆಗುವುದಿಲ್ಲ. ಅದಕ್ಕೆ ‘ಸಿಂಧು’ ಮತ್ತು ‘ಅಸಿಂಧು’ ಎರಡೂ ಪದ ಹೊಂದುವುದಿಲ್ಲ. ಹಾರ್ಟ್ ಪ್ಯಾರಿಸ್‌ನಲ್ಲಿದ್ದ ಮೀಟರ್ ಪಟ್ಟಿಯ ಉದಾಹರಣೆ ಕೊಡುತ್ತಾನೆ. ಎಲ್ಲ ಮೀಟರ್ ಅಳತೆಗೂ ಅದೇ ಕೊನೆಯ ಮಾನದಂಡ. ‘ಆ ಪಟ್ಟಿಯ ಉದ್ದ ಸರಿಯಿದೆ ಅಂತ ಊಹಿಸುತ್ತೇವೆ, ಸಾಬೀತು ಮಾಡಲಾಗದು’ ಅನ್ನುವ ಮಾತಿಗೆ ಅರ್ಥವೇ ಇಲ್ಲ. ಸರಿ ಅಂದರೆ ಅದಕ್ಕೆ ಹೊಂದುವುದು ಅಂತ.

ಈ ಉದಾಹರಣೆಯನ್ನು ನಾನು ಒಂದು ಹೆಜ್ಜೆ ಮುಂದೆ ಎಳೆದಾಗ ಗಂಟು ಬಿಚ್ಚಿತು. 1960ರ ಅಕ್ಟೋಬರ್‌ನಲ್ಲಿ, ಅಂದರೆ ಹಾರ್ಟ್‌ನ ಪುಸ್ತಕ ಬರುವ ಹಿಂದಿನ ವರ್ಷವೇ, ಮೀಟರ್‌ನ ವ್ಯಾಖ್ಯೆ ಬದಲಾಯಿತು. ಲೋಹದ ಪಟ್ಟಿ ಹೋಗಿ ಕ್ರಿಪ್ಟಾನ್ ಬೆಳಕಿನ ಅಲೆಯುದ್ದ ಬಂತು. ಯಾಕೆ? ಪಟ್ಟಿಯ ಉದ್ದ ಒಂದು ಮೀಟರ್ ಅಲ್ಲ ಅಂತ ಯಾರೋ ಅಳೆದು ಕಂಡುಹಿಡಿದರು ಅಂತಲ್ಲ. ಅಳೆಯುವವರಿಗೆ ಇನ್ನೂ ನಿಖರವಾದ ಮಾನದಂಡ ಬೇಕಿತ್ತು, ಬೇರೆಯದನ್ನು ಒಪ್ಪಿದರು. ಹಳೆಯದು ‘ತಪ್ಪು’ ಅಂತ ಆಗಲಿಲ್ಲ, ಬಳಕೆಯಿಂದ ಇಳಿಯಿತು. ಅಂದರೆ ಕೊನೆಯ ಮಾನದಂಡದ ಬಗ್ಗೆ ಕೇಳಬಹುದಾದ ಪ್ರಶ್ನೆ ‘ಸರಿಯೇ?’ ಅಲ್ಲ, ‘ಬಳಕೆಯಲ್ಲಿದೆಯೇ?’ ಎಂಬುದು.

ಈಗ ನಾನು ಪಾಲಿಸುವ ಸುಲಭದ ದಾರಿ ಇದು. ಯಾವ ನಿಯಮ ಎದುರಾದರೂ ಮೊದಲು ನೋಡುವುದು: ಇದರ ಬಗ್ಗೆ ‘ಸಿಂಧುವೇ?’ ಅಂತ ಕೇಳಬೇಕೋ, ‘ಇದೆಯೇ?’ ಅಂತ ಕೇಳಬೇಕೋ? ಸಾಮಾನ್ಯ ಕಾಯ್ದೆ ಜಾರಿಯಾದ ಕ್ಷಣದಿಂದ ಸಿಂಧು, ಯಾರೊಬ್ಬರೂ ಪಾಲಿಸದಿದ್ದರೂ. ಗುರುತಿಸುವ ನಿಯಮ ಹಾಗಲ್ಲ. ಯಾರೂ ಬಳಸದಿದ್ದರೆ ಅದು ಇಲ್ಲವೇ ಇಲ್ಲ.

ಯಾರು ಒಪ್ಪಬೇಕು?

ಬಳಕೆ ಅಂದರೆ ಎಲ್ಲರ ಬಳಕೆ ಅಲ್ಲ. ಕಾನೂನು ವ್ಯವಸ್ಥೆ ಇದೆ ಅನ್ನಲು ಹಾರ್ಟ್ ಎರಡೇ ಕನಿಷ್ಠ ಷರತ್ತು ಇಡುತ್ತಾನೆ. ಸಿಂಧುವಾದ ಪ್ರಾಥಮಿಕ ನಿಯಮಗಳನ್ನು ಜನ ಒಟ್ಟಾರೆ ಪಾಲಿಸಬೇಕು, ಕಾರಣ ಏನೇ ಇರಲಿ. ಭಯದಿಂದಲೂ ಆಗಬಹುದು. ಆದರೆ ಅಧಿಕಾರಿಗಳು, ಮುಖ್ಯವಾಗಿ ನ್ಯಾಯಾಧೀಶರು, ದ್ವಿತೀಯ ನಿಯಮಗಳನ್ನು ಒಳಗಿನ ದೃಷ್ಟಿಯಿಂದ ಒಪ್ಪಬೇಕು.

ಒಳಗಿನ ದೃಷ್ಟಿ ಅಂದರೆ ಮೆಚ್ಚುಗೆ ಅಲ್ಲ. ಸಂಬಳಕ್ಕಾಗಿ ಒಪ್ಪಿದರೂ ಆಯಿತು, ಹಿಂದಿನವರು ಹೀಗೇ ಮಾಡುತ್ತಿದ್ದರು ಅಂತ ಒಪ್ಪಿದರೂ ಆಯಿತು. ಆ ನಿಯಮವನ್ನು ಎಲ್ಲರಿಗೂ ಸಾಮಾನ್ಯ ಅಳತೆಗೋಲು ಅಂತ ಹಿಡಿದು, ಅದರಿಂದ ಜಾರಿದ ಸಹೋದ್ಯೋಗಿಯನ್ನು ‘ನೀವು ತಪ್ಪು ಮಾಡಿದಿರಿ’ ಅನ್ನಬೇಕು, ಅಷ್ಟೇ. ಕಂಡುಹಿಡಿಯುವುದು ಹೇಗೆ? ಮಾತಿನಲ್ಲೇ ಗೊತ್ತಾಗುತ್ತದೆ. ‘ಇಂಗ್ಲೆಂಡಿನಲ್ಲಿ ಸಂಸತ್ತು ಮಾಡಿದ್ದನ್ನು ಕಾನೂನು ಅಂತ ನೋಡುತ್ತಾರೆ’ ಅನ್ನುವವನು ಹೊರಗಿದ್ದಾನೆ. ‘ಕಾನೂನು ಹೀಗಿದೆ’ ಅನ್ನುವವನು ಒಳಗಿದ್ದಾನೆ. ಒಳಗಿರುವವನು ಗುರುತಿಸುವ ನಿಯಮವನ್ನು ಬಾಯಿಬಿಟ್ಟು ಹೇಳುವುದು ಅಪರೂಪ. ಅದನ್ನು ಸುಮ್ನೆ ಬಳಸುತ್ತಿರುತ್ತಾನೆ.

ಸರಪಳಿಯ ತುದಿ ಕಿತ್ತಾಗ: ರೊಡೇಷಿಯಾ, 1965–68

ಇದು ಹಾರ್ಟ್ ಕೊಟ್ಟ ಉದಾಹರಣೆಯಲ್ಲ, ಪುಸ್ತಕ ಬಂದ ನಂತರದ್ದು. ಆದರೂ ಅವನ ಮಾತನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಮೊಕದ್ದಮೆ ನನಗೆ ಸಿಕ್ಕಿಲ್ಲ.

ದಕ್ಷಿಣ ರೊಡೇಷಿಯಾ, ಅಂದರೆ ಇಂದಿನ ಜಿಂಬಾಬ್ವೆ, ಆಗ ಬ್ರಿಟನ್ನಿನ ವಸಾಹತು. 1961ರ ಸಂವಿಧಾನ ಜಾರಿಯಲ್ಲಿತ್ತು. 1965ರ ನವೆಂಬರ್ 11ರಂದು ಇಯಾನ್ ಸ್ಮಿತ್ ಸರ್ಕಾರ ಏಕಪಕ್ಷೀಯವಾಗಿ ಸ್ವಾತಂತ್ರ್ಯ ಘೋಷಿಸಿ ತನ್ನದೇ ಹೊಸ ಸಂವಿಧಾನ ತಂದಿತು. ಬ್ರಿಟಿಷ್ ಸಂಸತ್ತು ಅದೇ ತಿಂಗಳು ಕಾಯ್ದೆ ಮಾಡಿ, ರೊಡೇಷಿಯಾ ಇನ್ನೂ ತನ್ನ ಅಧೀನದಲ್ಲೇ ಇದೆ ಅಂದಿತು. 1961ರ ಸಂವಿಧಾನದಡಿ ನೇಮಕಗೊಂಡ ನ್ಯಾಯಾಧೀಶರು ಮಾತ್ರ ತಮ್ಮ ಕುರ್ಚಿಗಳಲ್ಲೇ ಇದ್ದರು.

ಮಡ್ಜಿಂಬಾಮುಟೊ ಎಂಬುವರನ್ನು ಘೋಷಣೆಗೆ ಕೆಲವೇ ದಿನ ಮುಂಚೆ ತುರ್ತು ಪರಿಸ್ಥಿತಿಯ ನಿಯಮಗಳಡಿ ಬಂಧನದಲ್ಲಿಟ್ಟಿದ್ದರು. ಆ ತುರ್ತು ಪರಿಸ್ಥಿತಿಯ ಅವಧಿ ಮೂರು ತಿಂಗಳು, 1966ರ ಫೆಬ್ರವರಿಗೆ ಮುಗಿಯಿತು. ಅದನ್ನು ಮುಂದುವರಿಸಿದ್ದು ಹೊಸ ಆಡಳಿತ. ಅವರ ಹೆಂಡತಿ ಕೋರ್ಟಿಗೆ ಹೋದರು: ಈ ಬಂಧನ ಕಾನೂನುಬದ್ಧವೇ?

ಸರಪಳಿ ಹಿಡಿದು ಮೇಲಕ್ಕೆ ಹೋಗಿ. ಬಂಧನಕ್ಕೆ ಆಧಾರ ನಿಯಮಗಳು. ನಿಯಮಗಳಿಗೆ ಆಧಾರ ತುರ್ತು ಪರಿಸ್ಥಿತಿ. ಅದಕ್ಕೆ ಆಧಾರ ಯಾವುದು, 1961ರ ಸಂವಿಧಾನವೋ 1965ರದ್ದೋ? ಮೊದಲನೆಯದಾದರೆ ಸರಪಳಿ ಲಂಡನ್‌ಗೆ ಹೋಗುತ್ತದೆ. ಎರಡನೆಯದಾದರೆ ಸ್ಮಿತ್ ಸರ್ಕಾರದ ಹತ್ತಿರ ನಿಲ್ಲುತ್ತದೆ. ಎರಡರಲ್ಲಿ ಯಾವುದು ಸಿಂಧು ಅಂತ ಹೇಳುವ ಮೂರನೇ ನಿಯಮ ಇಲ್ಲ.

1968ರ ಜನವರಿಯಲ್ಲಿ ರೊಡೇಷಿಯಾದ ಮೇಲ್ಮನವಿ ಕೋರ್ಟ್ ಮಧ್ಯದ ದಾರಿ ಹಿಡಿಯಿತು. ವಾಸ್ತವದಲ್ಲಿ ಹಿಡಿತ ಈ ಸರ್ಕಾರದ ಕೈಯಲ್ಲಿದೆ, ಹಳೆಯ ಸಂವಿಧಾನದಡಿ ಸರ್ಕಾರ ಏನು ಮಾಡಬಹುದಿತ್ತೋ ಅದನ್ನು ಇದೂ ಮಾಡಬಹುದು ಅಂದಿತು. ಅದೇ ವರ್ಷ ಜುಲೈಯಲ್ಲಿ ವಸಾಹತುಗಳ ಕೊನೆಯ ಮೇಲ್ಮನವಿ ಕೇಳುವ ಲಂಡನ್ನಿನ ಪ್ರಿವಿ ಕೌನ್ಸಿಲ್ ಬಹುಮತದಿಂದ ಉಲ್ಟಾ ಹೇಳಿತು: ಬ್ರಿಟಿಷ್ ಸಂಸತ್ತಿನ ಕಾಯ್ದೆಯೇ ಕಾನೂನು, ಬಂಧನ ಅಕ್ರಮ. ಆದರೆ ರೊಡೇಷಿಯಾದ ಕೋರ್ಟ್ ಆ ತೀರ್ಪನ್ನು ಪಾಲಿಸಲಿಲ್ಲ. ಸೆಪ್ಟೆಂಬರ್ ಹೊತ್ತಿಗೆ 1965ರ ಸಂವಿಧಾನವನ್ನೇ ಕಾನೂನುಬದ್ಧ ಅಂತ ಒಪ್ಪಿತು. ಆ ವರ್ಷ ಇಬ್ಬರು ನ್ಯಾಯಾಧೀಶರು ಹೊಸ ಆಡಳಿತವನ್ನು ಒಪ್ಪದೆ ರಾಜೀನಾಮೆ ಕೊಟ್ಟರು.

ಈಗ ಪ್ರಿವಿ ಕೌನ್ಸಿಲ್ ತಪ್ಪಾ, ರೊಡೇಷಿಯಾದ ಕೋರ್ಟ್ ತಪ್ಪಾ? ಇಲ್ಲೇ ನಾನು ಮತ್ತೆ ಎಡವುತ್ತಿದ್ದೆ. ಲಂಡನ್ ವ್ಯವಸ್ಥೆಯ ಒಳಗಿನಿಂದ ನೋಡಿದರೆ ಬಂಧನ ಅಸಿಂಧು, ಅದರಲ್ಲಿ ಅನುಮಾನವಿಲ್ಲ. ರೊಡೇಷಿಯಾದ ರಾಜಧಾನಿ ಸಾಲಿಸ್‌ಬರಿಯ ಅಧಿಕಾರಿಗಳು ಆಗ ಬಳಸುತ್ತಿದ್ದ ಅಳತೆಗೋಲಿನಿಂದ ನೋಡಿದರೆ ಸಿಂಧು. ಹೊರಗೆ ನಿಂತವರು ಹೇಳಬಹುದಾದ್ದು ಒಂದೇ: 1965ಕ್ಕೂ 1968ಕ್ಕೂ ನಡುವೆ ಅಲ್ಲಿನ ನ್ಯಾಯಾಧೀಶರ ಒಪ್ಪಿಗೆ ಒಂದು ನಿಯಮದಿಂದ ಇನ್ನೊಂದಕ್ಕೆ ಜರುಗಿತು. ಯಾವ ದಿನ ಜರುಗಿತು ಅಂತ ಬೆರಳಿಟ್ಟು ತೋರಿಸಲಾಗದು, ಯಾಕೆಂದರೆ ಅದು ರೂಢಿಯ ಸಂಗತಿ.

ಒಂದು ಎಚ್ಚರಿಕೆ. ‘ಸಿಂಧು’ ಅಂದಾಕ್ಷಣ ‘ನ್ಯಾಯ’ ಅಂತ ಅಲ್ಲ. ಅಲ್ಪಸಂಖ್ಯಾತ ಬಿಳಿಯರ ಆಳ್ವಿಕೆ ಉಳಿಸಲು ನಡೆದ ಘೋಷಣೆ ಅದು. ಅದನ್ನು ಕಾನೂನು ಅಂತ ಗುರುತಿಸಿ, ಅನ್ಯಾಯ ಅಂತಲೂ ಹೇಳಿ, ಪಾಲಿಸುವುದಿಲ್ಲ ಅನ್ನಲು ಹಾರ್ಟ್ ಜಾಗ ಬಿಡುತ್ತಾನೆ. ಕಾನೂನು ಯಾವುದು ಎಂಬ ಪ್ರಶ್ನೆಯನ್ನು ಅದು ನ್ಯಾಯವೇ ಎಂಬ ಪ್ರಶ್ನೆಯಿಂದ ಬೇರೆ ಇಡುವ ಈ ವಾದಕ್ಕೆ ಪಾಸಿಟಿವಿಸಂ ಅನ್ನುತ್ತಾರೆ, ನನ್ನ ಮಟ್ಟಿಗೆ ಅದರ ಬೆಲೆ ಇರುವುದೇ ಇಲ್ಲಿ. ಆ ಇಬ್ಬರು ನ್ಯಾಯಾಧೀಶರ ರಾಜೀನಾಮೆಯನ್ನು ನಾನು ಓದುವುದೂ ಹಾಗೆಯೇ: ಒಳಗಿನ ದೃಷ್ಟಿಯನ್ನು ಬಿಟ್ಟುಕೊಡಲು ಒಪ್ಪದವರಿಗೆ ಕುರ್ಚಿಯನ್ನೇ ಬಿಡಬೇಕಾಯಿತು.

ಇನ್ನೂ ಬಿಡಿಸದ ಗಂಟು

ಗುರುತಿಸುವ ನಿಯಮ ಇರುವುದು ಅಧಿಕಾರಿಗಳ ರೂಢಿಯಲ್ಲಿ. ಅಧಿಕಾರಿ ಯಾರು ಅಂತ ಹೇಳುವುದು ತೀರ್ಪಿನ ನಿಯಮ. ಆ ತೀರ್ಪಿನ ನಿಯಮವೂ ನಮ್ಮ ಕಾನೂನು ಅಂತ ಹೇಳುವುದು ಗುರುತಿಸುವ ನಿಯಮ. ಸುತ್ತಿ ಅಲ್ಲೇ ಬಂತು, ಅಲ್ವಾ? ಟೀಕಾಕಾರರು ಇದನ್ನೇ ಕೋಳಿ ಮೊದಲೋ ಮೊಟ್ಟೆ ಮೊದಲೋ ಅಂತ ಹಿಡಿಯುತ್ತಾರೆ. ನನಗೆ ಸದ್ಯ ಒಪ್ಪಿಗೆಯಾಗುವ ಉತ್ತರ ಹೀಗಿದೆ: ಅಧಿಕಾರಿಯನ್ನು ಕಾನೂನಿನಿಂದಲ್ಲ, ಜನರ ನಡತೆಯಿಂದ ಮೊದಲು ಗುರುತಿಸಬೇಕು. ಜಗಳ ಬಂದಾಗ ಜನ ಯಾರ ಹತ್ತಿರ ಹೋಗುತ್ತಾರೆ, ಯಾರ ಮಾತಿಗೆ ತಲೆಬಾಗುತ್ತಾರೆ ಅಂತ ನೋಡಿ. ರೊಡೇಷಿಯಾದಲ್ಲಿ ಎರಡೂ ಸಂವಿಧಾನಗಳ ನಡುವೆ ತೂಗಾಡುತ್ತಿದ್ದ ಆ ಮೂರು ವರ್ಷ ಜನ ಹೋಗಿದ್ದು ಅದೇ ಕೋರ್ಟ್‌ಗಳಿಗೆ, ಅದೇ ನ್ಯಾಯಾಧೀಶರ ಮುಂದೆ. ಆ ಕುರ್ಚಿಗೆ ಯಾವ ಸಂವಿಧಾನ ಆಧಾರ ಅಂತ ಅಲ್ಲಿ ಕೂತಿದ್ದವರಿಗೇ ಖಚಿತವಿರಲಿಲ್ಲ.