ಚೆಕ್ ಬೌನ್ಸ್: ನೋಟಿಸಿನ ಮೊತ್ತ ಮತ್ತು ದಿನಗಳ ಲೆಕ್ಕ

ಚೆಕ್ ಬೌನ್ಸ್ ಕೇಸು ಎಂದು ಜನ ಕರೆಯುವುದು ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ, ಎಂದರೆ ಎನ್‌ಐ ಕಾಯ್ದೆಯ 138ನೇ ಕಲಮಿನ ಪ್ರಕರಣವನ್ನು. ಕಾಯ್ದೆ 1881ರದು. ಆದರೆ ಚೆಕ್ ವಾಪಸಾಗುವುದನ್ನು ಅಪರಾಧವೆಂದು ಹೇಳುವ ಅಧ್ಯಾಯ ಅದಕ್ಕೆ ಸೇರಿದ್ದು 1988ರ ತಿದ್ದುಪಡಿಯಿಂದ. ಜಾರಿಗೆ ಬಂದದ್ದು 1989ರ ಏಪ್ರಿಲ್ 1ರಂದು. ಈ ಕಲಮನ್ನು ಓದುವಾಗ ಹೆಚ್ಚಿನವರು ಶಿಕ್ಷೆಯ ಸಾಲಿಗೆ ಅಡಿಗೆರೆ ಹಾಕುತ್ತಾರೆ. ನನ್ನ ಪ್ರಕಾರ ಅಡಿಗೆರೆ ಬೀಳಬೇಕಾದದ್ದು ಅದರ ಕೆಳಗಿನ ಷರತ್ತುಗಳಿಗೆ. ನಿಜವಾಗಿ ಹಣ ಬರಬೇಕಾದವರೂ ಸೋಲುವುದು ಅಲ್ಲಿಯೇ: ನೋಟಿಸು ತಡವಾಗಿರುತ್ತದೆ, ಇಲ್ಲವೇ ನೋಟಿಸಿನಲ್ಲಿ ಕೇಳಿದ ಮೊತ್ತ ತಪ್ಪಿರುತ್ತದೆ. ಹಾಗಾಗಿ ಈ ಟಿಪ್ಪಣಿಯನ್ನು ಒಂದೇ ಉದಾಹರಣೆ ಹಿಡಿದು ಬರೆದಿದ್ದೇನೆ.

ಶ್ರೀನಿವಾಸಪುರ ತಾಲ್ಲೂಕಿನ ಒಬ್ಬ ರೈತರು ತಮ್ಮ ತೋಟದ ತೋತಾಪುರಿ ಫಸಲನ್ನು ಮರದ ಮೇಲೆಯೇ ಆಂಧ್ರದ ಮದನಪಲ್ಲಿಯ ವ್ಯಾಪಾರಿಗೆ ಮಾರಿದ್ದಾರೆ ಎಂದುಕೊಳ್ಳೋಣ. ಮುಂಗಡ ಕಳೆದು ಬರಬೇಕಾದ ಬಾಕಿ ₹2,40,000. ಅದಕ್ಕೆ ವ್ಯಾಪಾರಿ 2025ರ ಜೂನ್ 10ರ ದಿನಾಂಕ ಹಾಕಿ ಚೆಕ್ ಕೊಟ್ಟಿದ್ದಾರೆ. ರೈತರು ಜೂನ್ 16ರಂದು ಶ್ರೀನಿವಾಸಪುರದ ತಮ್ಮ ಬ್ಯಾಂಕ್ ಶಾಖೆಯಲ್ಲಿ ಚೆಕ್ ಹಾಕಿದರು. ಜೂನ್ 18ರಂದು ಶಾಖೆಯಿಂದ ಕರೆ ಬಂತು. ಹೋದರೆ ಚೆಕ್ಕಿನ ಜೊತೆ ಒಂದು ಸಣ್ಣ ಚೀಟಿ ಕೊಟ್ಟರು. ಅದೇ ರಿಟರ್ನ್ ಮೆಮೊ. ಕಾರಣದ ಜಾಗದಲ್ಲಿ ‘ಫಂಡ್ಸ್ ಇನ್ಸಫಿಶಿಯೆಂಟ್’ ಎಂದಿತ್ತು.

ಮೊದಲು ಆ ಕಾರಣವನ್ನು ನೋಡಬೇಕು. ಕಾಯ್ದೆಯ ಮಾತಿನಲ್ಲಿ ಅಪರಾಧಕ್ಕೆ ಎರಡೇ ಕಾರಣ: ಖಾತೆಯಲ್ಲಿ ಹಣ ಸಾಲದಿರುವುದು, ಅಥವಾ ಓವರ್‌ಡ್ರಾಫ್ಟ್‌ನಂಥ ವ್ಯವಸ್ಥೆಯಲ್ಲಿ ಬ್ಯಾಂಕ್ ಒಪ್ಪಿದ ಮಿತಿಯನ್ನು ಚೆಕ್ ಮೀರುವುದು. ಆದರೆ ಸುಪ್ರೀಂ ಕೋರ್ಟ್ ಇದನ್ನು ಅಷ್ಟಕ್ಕೇ ಕಟ್ಟಿಹಾಕಿಲ್ಲ. ಚೆಕ್ ಕೊಟ್ಟ ಮೇಲೆ ಖಾತೆ ಮುಚ್ಚಿದರೂ, ‘ಸ್ಟಾಪ್ ಪೇಮೆಂಟ್’ ಬರೆದುಕೊಟ್ಟರೂ, ಬೇಕೆಂದೇ ಸಹಿ ಬದಲಿಸಿದರೂ 138 ಅನ್ವಯಿಸಬಹುದೆಂದು ಬೇರೆ ಬೇರೆ ತೀರ್ಪುಗಳಲ್ಲಿ ಹೇಳಿದೆ. ಹಣ ಇದ್ದೂ ನ್ಯಾಯವಾದ ಕಾರಣಕ್ಕೆ ಪಾವತಿ ನಿಲ್ಲಿಸಿದ್ದೆ ಎಂದು ತೋರಿಸಿಕೊಳ್ಳುವ ಅವಕಾಶ ಮಾತ್ರ ಚೆಕ್ ಕೊಟ್ಟವರಿಗೆ ಉಳಿದೇ ಇರುತ್ತದೆ. ಅಂಕಿಯಲ್ಲಿ ಒಂದು ಮೊತ್ತ, ಅಕ್ಷರದಲ್ಲಿ ಇನ್ನೊಂದು. ದಿನಾಂಕಕ್ಕೆ ಮೊದಲೇ ಹಾಕಿದ ಚೆಕ್. ಮೂರು ತಿಂಗಳು ದಾಟಿದ ಚೆಕ್ — ಇವು ವಾಪಸ್ ಬಂದರೆ ಕೇಸಿನ ಮಾತಿಲ್ಲ, ಸರಿಯಾದ ಚೆಕ್ ಕೇಳಿ ಪಡೆಯಬೇಕು. ಹಳೆಯ ಪುಸ್ತಕಗಳಲ್ಲಿ ಚೆಕ್ಕಿನ ಆಯುಷ್ಯ ಆರು ತಿಂಗಳು ಎಂದಿರುತ್ತದೆ. ರಿಸರ್ವ್ ಬ್ಯಾಂಕ್ 2012ರ ಏಪ್ರಿಲ್ 1ರಿಂದ ಅದನ್ನು ಮೂರು ತಿಂಗಳಿಗೆ ಇಳಿಸಿದೆ.

ಈಗ ದಿನಗಳ ಲೆಕ್ಕಕ್ಕೆ ಬರೋಣ. ಚೆಕ್ ವಾಪಸಾದ ಮಾಹಿತಿ ಬ್ಯಾಂಕಿನಿಂದ ಸಿಕ್ಕ 30 ದಿನಗಳೊಳಗೆ, ಹಣ ಕೊಡಿ ಎಂದು ಲಿಖಿತ ನೋಟಿಸು ಕೊಡಬೇಕು. ಮಾಹಿತಿ ಸಿಕ್ಕ ದಿನವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಮ್ಮ ಉದಾಹರಣೆಯಲ್ಲಿ ಜೂನ್ 19 ಮೊದಲ ದಿನ, ಜುಲೈ 18 ಮೂವತ್ತನೆಯ ದಿನ. ಅಷ್ಟರೊಳಗೆ ನೋಟಿಸು ಅಂಚೆಗೆ ಬಿದ್ದಿರಬೇಕು. ಅದು ಎದುರಿನವರ ಕೈಸೇರುವುದು ಆಮೇಲಾದರೂ ನಡೆಯುತ್ತದೆ. ರೈತರು ಜೂನ್ 30ರಂದು ಕಳಿಸಿದರು, ವ್ಯಾಪಾರಿಗೆ ಜುಲೈ 4ರಂದು ತಲುಪಿತು.

ಇಲ್ಲಿಂದ ಎರಡನೆಯ ಎಣಿಕೆ. ನೋಟಿಸು ಕೈಸೇರಿದ ಮೇಲೆ ಹಣ ಕೊಡಲು 15 ದಿನ ಕಾಲಾವಕಾಶ. ಜುಲೈ 4 ಬಿಟ್ಟು ಎಣಿಸಿದರೆ ಜುಲೈ 19ಕ್ಕೆ ಹದಿನೈದು ದಿನ ಮುಗಿಯುತ್ತದೆ. ಅಲ್ಲಿಯವರೆಗೆ ಅಪರಾಧವೇ ಆಗಿರುವುದಿಲ್ಲ. ಚೆಕ್ ವಾಪಸಾದ ದಿನವೇ ಅಪರಾಧ ಆಯಿತು ಎಂದುಕೊಳ್ಳುವುದು ನಾವು ಕಲಿಯುವವರು ಮಾಡುವ ದೊಡ್ಡ ತಪ್ಪು. ನೋಟಿಸು ತಲುಪಿದ ಮೇಲೂ ಹದಿನೈದು ದಿನದಲ್ಲಿ ಹಣ ಕೊಡದೆ ಹೋದಾಗಲೇ ಅಪರಾಧ ಪೂರ್ತಿಯಾಗುವುದು. ವ್ಯಾಪಾರಿ ಜುಲೈ 17ರಂದು ಪೂರ್ತಿ ಹಣ ಕೊಟ್ಟುಬಿಟ್ಟಿದ್ದರೆ ಕೇಸು ಅಲ್ಲಿಗೇ ಮುಗಿಯುತ್ತಿತ್ತು. ಕೊಡಲಿಲ್ಲ. ಹಾಗಾಗಿ ಜುಲೈ 20ರಂದು ದೂರಿಗೆ ಕಾರಣ ಹುಟ್ಟಿತು, ಅಲ್ಲಿಂದ ಒಂದು ತಿಂಗಳು ಎಂದರೆ ಆಗಸ್ಟ್ 20ರೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ದೂರು ಸಲ್ಲಿಸಬೇಕು. ಹದಿನೈದು ದಿನ ಮುಗಿಯುವ ಮೊದಲೇ ಆತುರದಲ್ಲಿ ದೂರು ಹಾಕಿದರೆ ಆ ದೂರು ನಿಲ್ಲದು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಸ್ಪಷ್ಟವಾಗಿ ಹೇಳಿದೆ. ದೂರು ತಡವಾದರೆ ತಕ್ಕ ಕಾರಣ ತೋರಿಸಿ ಕೋರ್ಟಿನ ಮನ್ನಣೆ ಕೇಳಬಹುದು. ನೋಟಿಸು ತಡವಾದರೆ ಹಾಗೆ ಕೇಳಲು ದಾರಿಯಿಲ್ಲ.

ನೋಟಿಸನ್ನು ವಕೀಲರೇ ಕೊಡಬೇಕು ಎಂದೇನೂ ಇಲ್ಲ, ರೈತರೇ ಬಿಳಿ ಹಾಳೆಯಲ್ಲಿ ಬರೆದು ಸಹಿ ಮಾಡಿ ಕಳಿಸಬಹುದು. ಕಾಯ್ದೆ ಅದಕ್ಕೊಂದು ನಮೂನೆ ಕೊಟ್ಟಿಲ್ಲ. ಆದರೂ ಬರೆಯುವಾಗ ನಡೆದ ಕ್ರಮದಲ್ಲೇ ಹೇಳಿಕೊಂಡು ಹೋಗುವುದು ಒಳ್ಳೆಯದು: ಯಾವ ವ್ಯವಹಾರಕ್ಕೆ ಎಷ್ಟು ಬಾಕಿ, ಅದಕ್ಕಾಗಿ ಕೊಟ್ಟ ಚೆಕ್ಕಿನ ನಂಬರು, ದಿನಾಂಕ, ಬ್ಯಾಂಕು, ಮೊತ್ತ, ಯಾವತ್ತು ಹಾಕಿದೆ, ಯಾವತ್ತು ಯಾವ ಕಾರಣಕ್ಕೆ ವಾಪಸ್ ಬಂತು. ಕೊನೆಗೆ ಬೇಡಿಕೆಯ ಸಾಲು. ಇಡೀ ನೋಟಿಸಿನ ಜೀವ ಇರುವುದು ಆ ಸಾಲಿನಲ್ಲಿ. ಅದು ಸುಮಾರಾಗಿ ಹೀಗಿರಲಿ:

“ಸದರಿ ಚೆಕ್ಕಿನ ಮೊತ್ತ ₹2,40,000 (ಎರಡು ಲಕ್ಷ ನಲವತ್ತು ಸಾವಿರ ರೂಪಾಯಿ ಮಾತ್ರ) ಅನ್ನು ಈ ನೋಟಿಸು ತಮಗೆ ತಲುಪಿದ 15 ದಿನಗಳೊಳಗೆ ನನಗೆ ಪಾವತಿಸಬೇಕೆಂದು ಈ ಮೂಲಕ ಕೇಳುತ್ತಿದ್ದೇನೆ. ತಪ್ಪಿದಲ್ಲಿ ಎನ್‌ಐ ಕಾಯ್ದೆಯ 138ನೇ ಕಲಮಿನಡಿ ದೂರು ಸಲ್ಲಿಸುತ್ತೇನೆ.”

ಕೇಳುವ ಮೊತ್ತ ಚೆಕ್ಕಿನ ಮೊತ್ತವೇ ಆಗಿರಬೇಕು. ಬಡ್ಡಿ, ಬ್ಯಾಂಕ್ ಹಿಡಿದ ಶುಲ್ಕ, ನೋಟಿಸಿನ ಖರ್ಚು ಎಲ್ಲ ಸೇರಿಸಿ “ಒಟ್ಟು ₹2,75,000 ಕೊಡಿ” ಎಂದು ಬರೆದರೆ ನೋಟಿಸು ಕೆಡುತ್ತದೆ. ಕೇಳಲೇಬೇಕಾದರೆ ಚೆಕ್ಕಿನ ಮೊತ್ತವನ್ನು ಮೇಲಿನಂತೆ ಬಿಡಿಯಾಗಿ ಕೇಳಿ, ಉಳಿದದ್ದನ್ನು ಬೇರೆ ಪ್ಯಾರಾದಲ್ಲಿ ಪ್ರತ್ಯೇಕವಾಗಿ ತೋರಿಸಬೇಕು. ಹಾಗೆ ಬಿಡಿಸಿ ಬರೆದ ನೋಟಿಸು ಊರ್ಜಿತವೆಂದು ಸುಪ್ರೀಂ ಕೋರ್ಟ್ 2000ರಲ್ಲೇ ಹೇಳಿದೆ. ಟೈಪಿಂಗ್ ತಪ್ಪಾಗಿದೆ ಎಂಬ ನೆವವೂ ನಡೆಯುವುದಿಲ್ಲ. ಚೆಕ್ಕಿನ ಮೊತ್ತಕ್ಕಿಂತ ಬೇರೆ ಅಂಕಿ ಬಿದ್ದ ನೋಟಿಸು ಸಿಂಧುವಲ್ಲ ಎಂಬ ತೀರ್ಪು 2025ರಲ್ಲಿ ಬಂದಿದೆ. ಅಂಚೆಗೆ ಹಾಕುವ ಮೊದಲು ಚೆಕ್ಕನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದು ಸೊನ್ನೆಯನ್ನೂ ತಾಳೆ ನೋಡಬೇಕು.

ಮಾವಿನ ಸುಗ್ಗಿಯಲ್ಲಿ ಇನ್ನೊಂದು ತೊಡಕು ಸಾಮಾನ್ಯ. ಚೆಕ್ ಕೊಟ್ಟ ಮೇಲೆ, ಅದನ್ನು ಬ್ಯಾಂಕಿಗೆ ಹಾಕುವ ಮೊದಲು, ವ್ಯಾಪಾರಿ “ಅಣ್ಣಾ, ಸದ್ಯಕ್ಕೆ ಇದನ್ನಿಟ್ಟುಕೊಳ್ಳಿ” ಎಂದು ಫೋನ್‌ಪೇಯಲ್ಲಿ ₹40,000 ಹಾಕುತ್ತಾರೆ. ಈಗ ನಿಜವಾದ ಬಾಕಿ ₹2,00,000, ಚೆಕ್ಕಿನಲ್ಲಿರುವುದು ₹2,40,000. ಅದೇ ಚೆಕ್ಕನ್ನು ಹಾಗೇ ಹಾಕಿ, ಅದು ವಾಪಸ್ ಬಂದರೆ? 138ರ ಅಪರಾಧ ಆಗುವುದಿಲ್ಲ. ಚೆಕ್ ಹಾಕುವ ದಿನ ಕಾನೂನುಬದ್ಧ ಬಾಕಿ ಚೆಕ್ಕಿನ ಮೊತ್ತದಷ್ಟು ಇರಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದೆ. ದಾರಿ ಎರಡಿವೆ. ಹಳೆಯದನ್ನು ಹಿಂದಕ್ಕೆ ಕೊಟ್ಟು ₹2,00,000ಕ್ಕೆ ಹೊಸ ಚೆಕ್ ಪಡೆಯುವುದು ಸುಲಭದ್ದು. ಅದಾಗದಿದ್ದರೆ, 56ನೇ ಕಲಮಿನಂತೆ ಇಷ್ಟು ಹಣ ಸಂದಿದೆ ಎಂದು ಚೆಕ್ಕಿನ ಮೇಲೆಯೇ ಷರಾ ಬರೆದು ಉಳಿದ ಬಾಕಿಗೆ ಹಾಕುವುದು. ಇದನ್ನು ತಿಳಿಯದೆ ಒಳ್ಳೆಯ ಕೇಸುಗಳು ಬಿದ್ದುಹೋಗುತ್ತವೆ, ಅದಕ್ಕೇ ಇಷ್ಟು ಬಿಡಿಸಿ ಬರೆದೆ.

ಅಂಚೆಯ ವಿಷಯ ಚಿಕ್ಕದು. ನೋಂದಾಯಿತ ಅಂಚೆ 2025ರಲ್ಲಿ ಸ್ಪೀಡ್ ಪೋಸ್ಟ್‌ ಜೊತೆ ಸೇರಿತು. ಈಗ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಇಟ್ಟುಕೊಂಡು, ತಲುಪಿದ ದಿನಾಂಕ ತೋರಿಸುವ ಟ್ರ್ಯಾಕಿಂಗ್ ಪುಟವನ್ನು ಪ್ರಿಂಟ್ ತೆಗೆದಿಡಬೇಕು. ಹದಿನೈದು ದಿನದ ಲೆಕ್ಕ ನಿಲ್ಲುವುದು ಆ ದಿನಾಂಕದ ಮೇಲೆ. ಲಕೋಟೆ ‘ಬಾಗಿಲು ಹಾಕಿತ್ತು’ ಅಥವಾ ‘ಪಡೆಯಲು ನಿರಾಕರಿಸಿದರು’ ಎಂಬ ಷರಾದೊಂದಿಗೆ ಹಿಂದಕ್ಕೆ ಬಂದರೆ ಗಾಬರಿ ಬೇಡ. ವಿಳಾಸ ಸರಿಯಿದ್ದರೆ ನೋಟಿಸು ತಲುಪಿದಂತೆಯೇ ಎಂದು ಭಾವಿಸಬಹುದೆಂದು 2007ರ ತೀರ್ಪಿದೆ. ಆ ಲಕೋಟೆಯನ್ನು ಒಡೆಯದೆ ಹಾಗೇ ಕೋರ್ಟಿಗೆ ಕೊಡಬೇಕು.

ದೂರು ಯಾವ ಊರಿನ ಕೋರ್ಟಿಗೆ? ಗಡಿಯಂಚಿನ ನಮ್ಮ ತಾಲ್ಲೂಕುಗಳವರಿಗೆ ಇದು ದೊಡ್ಡ ಪ್ರಶ್ನೆ. 2014ರ ಒಂದು ತೀರ್ಪಿನಿಂದಾಗಿ ಚೆಕ್ ಕೊಟ್ಟವರ ಬ್ಯಾಂಕ್ ಇರುವ ಊರಿಗೇ ಹೋಗಬೇಕಾಗಿತ್ತು, ಎಂದರೆ ಈ ರೈತರು ವಾಯಿದೆಗೊಮ್ಮೆ ಮದನಪಲ್ಲಿಗೆ ಅಲೆಯಬೇಕಿತ್ತು. 2015ರ ತಿದ್ದುಪಡಿ ಅದನ್ನು ತಿರುಗಿಸಿತು. ಖಾತೆಯ ಮೂಲಕ ಚೆಕ್ ಹಾಕಿದ್ದರೆ, ಹಣ ಪಡೆಯಬೇಕಾದವರ ಖಾತೆ ಯಾವ ಶಾಖೆಯಲ್ಲಿದೆಯೋ ಅಲ್ಲಿನ ಕೋರ್ಟಿಗೆ ಅಧಿಕಾರ. ಹಾಗಾಗಿ ಶ್ರೀನಿವಾಸಪುರದ ಜೆಎಂಎಫ್‌ಸಿ, ಎಂದರೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲೇ ದೂರು ಸಲ್ಲುತ್ತದೆ. ಪೊಲೀಸ್ ಠಾಣೆಗೆ ಹೋಗುವ ಕೆಲಸವಲ್ಲ ಇದು. ಲಿಖಿತ ದೂರು ನೇರ ಕೋರ್ಟಿಗೆ. ಜೊತೆಗೆ ಮೂಲ ಚೆಕ್, ಮೆಮೊ, ನೋಟಿಸಿನ ಪ್ರತಿ, ಅಂಚೆ ದಾಖಲೆ, ಫಸಲು ಮಾರಿದ ಕರಾರು ಪತ್ರ ಇರಬೇಕು.

ಸಹಿ ತನ್ನದೇ ಎಂದು ವ್ಯಾಪಾರಿ ಒಪ್ಪಿದರೆ, ಚೆಕ್ ಬಾಕಿ ತೀರಿಸಲೆಂದೇ ಕೊಟ್ಟದ್ದು ಎಂದು 139ನೇ ಕಲಮಿನಂತೆ ಕೋರ್ಟ್ ಭಾವಿಸುತ್ತದೆ. ಬಾಕಿ ಇತ್ತು ಎಂಬುದೂ ಆ ಭಾವನೆಯೊಳಗೇ ಸೇರಿದೆ ಎಂದು ಖಚಿತಪಡಿಸಿದ್ದು 2010ರ ರಂಗಪ್ಪ ತೀರ್ಪು. ಅದು ನಮ್ಮ ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋದ ಪ್ರಕರಣ. ಹಾಗಲ್ಲ ಎಂದು ತೋರಿಸುವ ಹೊಣೆ ಆಗ ಆರೋಪಿಯದು, ಆದರೆ ನಂಬುವಂಥ ಸಂಶಯ ಎಬ್ಬಿಸಿದರೂ ಅವರಿಗೆ ಸಾಕು. ಕರಾರು ಪತ್ರ ಬೇಕಾಗುವುದು ಅದಕ್ಕೇ.

ಅಪರಾಧ ಸಾಬೀತಾದರೆ ಎರಡು ವರ್ಷದವರೆಗೆ ಜೈಲು, ಅಥವಾ ಚೆಕ್ ಮೊತ್ತದ ಎರಡರಷ್ಟರವರೆಗೆ ದಂಡ, ಅಥವಾ ಎರಡೂ. ನಮ್ಮ ಉದಾಹರಣೆಯಲ್ಲಿ ದಂಡ ₹4,80,000ವರೆಗೂ ಹೋಗಬಹುದು. ವಸೂಲಾದ ದಂಡದಲ್ಲಿ ದೂರುದಾರರಿಗೆ ಪರಿಹಾರ ಕೊಡಿಸಲು ಕೋರ್ಟಿಗೆ ಅಧಿಕಾರವಿದೆ. ರೈತರ ಕಣ್ಣಿರುವುದೂ ಅದರ ಮೇಲೆಯೇ. 2018ರ ತಿದ್ದುಪಡಿಯ ನಂತರ, ಆರೋಪಿ ತಪ್ಪೊಪ್ಪದಿದ್ದಾಗ ವಿಚಾರಣೆ ನಡೆಯುತ್ತಿರುವಂತೆಯೇ ಚೆಕ್ ಮೊತ್ತದ ಶೇ. 20ರವರೆಗೆ, ಇಲ್ಲಿ ₹48,000ವರೆಗೆ, ಮಧ್ಯಂತರ ಪರಿಹಾರ ಕೊಡಿಸಬಹುದು. ಕೊಡಿಸಲೇಬೇಕೆಂದಿಲ್ಲ, ಅದು ಕೋರ್ಟಿನ ವಿವೇಚನೆ. ಬ್ಯಾಂಕಿನ ದಂಡ ಇದಕ್ಕೆಲ್ಲ ಹೊರತು: ಕೊಟ್ಟವರ ಖಾತೆಯಿಂದ ರಿಟರ್ನ್ ಶುಲ್ಕವನ್ನು ಜಿಎಸ್‌ಟಿ ಸಹಿತ ಹಿಡಿಯುತ್ತಾರೆ, ಹಾಕಿದವರಿಂದಲೂ ಅಷ್ಟಿಷ್ಟು ಹೋಗುತ್ತದೆ. ಯಾವ ಹಂತದಲ್ಲಾದರೂ ರಾಜಿಗೆ 147ನೇ ಕಲಂ ಅವಕಾಶ ಕೊಡುತ್ತದೆ. ಲೋಕ ಅದಾಲತ್‌ನಲ್ಲಿ ಇಂಥ ಕೇಸುಗಳು ಮುಗಿಯುವುದು ಈ ಕಲಮಿನ ಬಲದಿಂದ.

ಒಂದು ವೇಳೆ ಜುಲೈ 18 ದಾಟಿಹೋಗಿದ್ದರೆ? ಚೆಕ್ಕಿನ ಮೂರು ತಿಂಗಳು ಇನ್ನೂ ಮುಗಿದಿಲ್ಲವಲ್ಲ. ಅದೇ ಚೆಕ್ಕನ್ನು ಮತ್ತೊಮ್ಮೆ ಬ್ಯಾಂಕಿಗೆ ಹಾಕಬಹುದು. ಪುನಃ ವಾಪಸಾದರೆ ಹೊಸ ಮೆಮೊ ಸಿಗುತ್ತದೆ, ಹೊಸ 30 ದಿನ ಶುರುವಾಗುತ್ತದೆ. ಇದನ್ನು ಸುಪ್ರೀಂ ಕೋರ್ಟ್ 2012ರಲ್ಲಿ ಒಪ್ಪಿದೆ. ಸೆಪ್ಟೆಂಬರ್ 10 ಕೂಡ ಕಳೆದಿದ್ದರೆ 138ರ ಬಾಗಿಲು ಮುಚ್ಚಿತು. ಆಗ ಉಳಿಯುವುದು ಹಣ ವಸೂಲಿಗೆ ಸಿವಿಲ್ ದಾವೆ. ಅದಕ್ಕೆ ಬಾಕಿ ಕೊಡಬೇಕಾದ ದಿನದಿಂದ ಸಾಮಾನ್ಯವಾಗಿ ಮೂರು ವರ್ಷ ಗಡುವು, ಕೋರ್ಟ್ ಶುಲ್ಕ ಕಟ್ಟಬೇಕು, ಮತ್ತು ವಾಪಸಾದ ಆ ಚೆಕ್ ಅಲ್ಲಿ ಬಾಕಿಗೆ ಸಾಕ್ಷಿಯಾಗಿ ಬರುತ್ತದೆ.