ಪೆಟ್ರೋಲ್, ಉಪ್ಪು, ರೇಷ್ಮೆ ಸೀರೆ: ಬೇಡಿಕೆಯ ಬೆಲೆ ಸ್ಥಿತಿಸ್ಥಾಪಕತ್ವ

ಪೆಟ್ರೋಲ್‌ ಮತ್ತು ಉಪ್ಪಿನ ಬೇಡಿಕೆ ಅಸ್ಥಿತಿಸ್ಥಾಪಕ, ಐಷಾರಾಮಿ ವಸ್ತುಗಳ ಬೇಡಿಕೆ ಸ್ಥಿತಿಸ್ಥಾಪಕ. ಗೈಡ್‌ಗಳಲ್ಲಿ ಈ ಸಾಲು ಇದ್ದೇ ಇರುತ್ತದೆ, ಪರೀಕ್ಷೆಯಲ್ಲಿ ಬರೆದರೆ ಅಂಕವೂ ಬರುತ್ತದೆ. ಆದರೆ ಯಾರ ಬೇಡಿಕೆ, ಎಷ್ಟು ಕಾಲದಲ್ಲಿ, ಯಾವ ಬೆಲೆಯ ಆಸುಪಾಸಿನಲ್ಲಿ ಅಂತ ಕೇಳಿಕೊಳ್ಳದಿದ್ದರೆ ಆ ಸಾಲು ಅರ್ಧ ಮಾತ್ರ ನಿಜ. ಈ ಟಿಪ್ಪಣಿಯಲ್ಲಿ ಉಳಿದರ್ಧವನ್ನು ನೋಡೋಣ. ಉದಾಹರಣೆಗಳಿಗೆ ನಮ್ಮ ತುಮಕೂರು ಸಾಕು.

ಮೊದಲು ಸೂತ್ರ. ಬೆಲೆ ಶೇಕಡಾ ಒಂದರಷ್ಟು ಬದಲಾದಾಗ ಜನ ಕೊಳ್ಳುವ ಪ್ರಮಾಣ ಶೇಕಡಾ ಎಷ್ಟು ಬದಲಾಗುತ್ತದೆ ಅನ್ನುವುದೇ ಬೆಲೆ ಸ್ಥಿತಿಸ್ಥಾಪಕತ್ವ.

```
Ed = (ΔQ / Q) ÷ (ΔP / P)
```

ಇಲ್ಲಿ P ಬೆಲೆ, Q ಪ್ರಮಾಣ, Δ ಅಂದರೆ ಬದಲಾವಣೆ. ಬೆಲೆ ಏರಿದರೆ ಪ್ರಮಾಣ ಇಳಿಯುವುದರಿಂದ ಉತ್ತರ ಸಾಮಾನ್ಯವಾಗಿ ಮೈನಸ್‌ನಲ್ಲಿ ಬರುತ್ತದೆ. ಆ ಚಿಹ್ನೆಯನ್ನು ಬಿಟ್ಟು ಸಂಖ್ಯೆಯನ್ನಷ್ಟೇ ಓದುವುದು ರೂಢಿ. 1ಕ್ಕಿಂತ ಕಡಿಮೆ ಇದ್ದರೆ ಅಸ್ಥಿತಿಸ್ಥಾಪಕ, ಜಾಸ್ತಿ ಇದ್ದರೆ ಸ್ಥಿತಿಸ್ಥಾಪಕ. ಮೇಲೆ ಕೆಳಗೆ ಎರಡೂ ಕಡೆ ಶೇಕಡಾವಾರು ಇರುವುದಕ್ಕೆ ಕಾರಣ ಇದೆ. ಪೆಟ್ರೋಲನ್ನು ಲೀಟರ್‌ನಲ್ಲಿ ಅಳೆಯುತ್ತೇವೆ, ಉಪ್ಪನ್ನು ಕೆಜಿಯಲ್ಲಿ, ಸೀರೆಯನ್ನು ಎಣಿಸುತ್ತೇವೆ. ಶೇಕಡಾವಾರು ತೆಗೆದುಕೊಂಡರೆ ಮಾತ್ರ ಮೂರನ್ನೂ ಪಕ್ಕಪಕ್ಕ ಇಟ್ಟು ಹೋಲಿಸಬಹುದು.

ಈಗ ಪೆಟ್ರೋಲ್. 2024ರ ಜೂನ್‌ನಲ್ಲಿ ಕರ್ನಾಟಕ ಸರ್ಕಾರ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ ಶೇ 29.84ಕ್ಕೆ ಏರಿಸಿತು. ಲೀಟರ್‌ಗೆ ಸುಮಾರು 3 ರೂಪಾಯಿ ಜಾಸ್ತಿ ಆಯಿತು. ಬೆಂಗಳೂರಿನಲ್ಲಿ 100 ರೂಪಾಯಿಗಿಂತ ಸ್ವಲ್ಪ ಕೆಳಗಿದ್ದ ಬೆಲೆ 102 ದಾಟಿತು. ಅಂದರೆ ಸುಮಾರು ಶೇ 3ರ ಏರಿಕೆ.

ಪೆಟ್ರೋಲ್ ಬಗ್ಗೆ ಬೇರೆ ಬೇರೆ ದೇಶಗಳಲ್ಲಿ ನಡೆದಿರುವ ಅಧ್ಯಯನಗಳಲ್ಲಿ ಅಲ್ಪಾವಧಿಯ ಸ್ಥಿತಿಸ್ಥಾಪಕತ್ವ ಹೆಚ್ಚಾಗಿ 0.2, 0.3ರ ಆಸುಪಾಸಿನಲ್ಲಿ ಸಿಗುತ್ತದೆ. ನಾವು 0.25 ಅಂತ ಇಟ್ಟುಕೊಳ್ಳೋಣ. ಬೆಲೆ ಶೇ 3 ಏರಿದರೆ ಬೇಡಿಕೆ ಶೇ 0.75 ಇಳಿಯಬೇಕು. ದಿನಕ್ಕೆ 4,000 ಲೀಟರ್ ಮಾರುವ ಒಂದು ಬಂಕ್ ಇದೆ ಅಂದುಕೊಳ್ಳಿ. ಅಲ್ಲಿ ಕಡಿಮೆಯಾಗುವುದು 30 ಲೀಟರ್. ಒಂದು ಜೋರು ಮಳೆ ಬಂದರೆ, ಒಂದು ಭಾನುವಾರ ಬಂದರೆ ಅದಕ್ಕಿಂತ ಎಷ್ಟೋ ಹೆಚ್ಚು ಏರುಪೇರು ಆಗುತ್ತದೆ. ಹಾಗಾಗಿ ಬಂಕ್‌ನವರು "ರೇಟು ಏರಿದ್ರೂ ಯಾರೂ ಕಮ್ಮಿ ಹಾಕಿಸ್ಕೊಳ್ತಿಲ್ಲ" ಅಂದರೆ ಅವರ ಕಣ್ಣಿಗೆ ಕಂಡಿದ್ದು ಸರಿಯೇ. ಬೇಡಿಕೆ ಇಳಿದಿರುತ್ತದೆ, ಆದರೆ ಆ ಇಳಿಕೆ ದಿನನಿತ್ಯದ ಏರುಪೇರಿನಲ್ಲಿ ಮುಚ್ಚಿಹೋಗಿರುತ್ತದೆ. ಒಂದು ವಾರದ ಮಾರಾಟ ನೋಡಿ ಸ್ಥಿತಿಸ್ಥಾಪಕತ್ವ ಸೊನ್ನೆ ಅಂತ ತೀರ್ಮಾನಿಸಬೇಡಿ.

ಬಂಕ್‌ನಲ್ಲಿ ಇನ್ನೊಂದು ವಿಷಯ ಗಮನಿಸಿ. ನಮ್ಮಲ್ಲಿ ಎಷ್ಟೋ ಬೈಕ್ ಸವಾರರು ಲೀಟರ್ ಲೆಕ್ಕದಲ್ಲಿ ಕೇಳುವುದೇ ಇಲ್ಲ. "ನೂರು ರೂಪಾಯಿಗೆ ಹಾಕಿ" ಅಂತಾರೆ. ಬೆಲೆ ಶೇ 3 ಏರಿದರೆ ಅದೇ ನೂರಕ್ಕೆ ಸಿಗುವ ಪೆಟ್ರೋಲ್ ಹೆಚ್ಚುಕಡಿಮೆ ಶೇ 3 ಇಳಿಯುತ್ತದೆ. ಖರ್ಚು ಬದಲಾಗಲಿಲ್ಲ. ಅಂದರೆ ಆ ಒಂದು ಖರೀದಿಯಲ್ಲಿ ಸ್ಥಿತಿಸ್ಥಾಪಕತ್ವ 1! ಹಾಗಾದರೆ ಪೆಟ್ರೋಲ್ ಬೇಡಿಕೆ ಅಸ್ಥಿತಿಸ್ಥಾಪಕ ಅನ್ನುವುದು ತಪ್ಪಾ? ತಪ್ಪಲ್ಲ. ಕ್ಯಾತ್ಸಂದ್ರದಿಂದ ದಿನಾ ಊರೊಳಗೆ ಕೆಲಸಕ್ಕೆ ಬರುವವರಿಗೆ ದಾರಿಯೇನೂ ಕಡಿಮೆ ಆಗಿಲ್ಲ. ಟ್ಯಾಂಕ್ ಬೇಗ ಖಾಲಿ ಆಗುತ್ತದೆ, ಅವರು ಬೇಗ ವಾಪಸ್ ಬರುತ್ತಾರೆ. ತಿಂಗಳ ಲೆಕ್ಕ ಹಾಕಿದರೆ ಲೀಟರ್ ಸ್ವಲ್ಪವೇ ಇಳಿದಿರುತ್ತದೆ, ಖರ್ಚು ಏರಿರುತ್ತದೆ. ಬೇಡಿಕೆ ಅಂದರೆ ಒಂದು ನಿರ್ದಿಷ್ಟ ಅವಧಿಯಲ್ಲಿ ಕೊಳ್ಳುವ ಪ್ರಮಾಣ ಅಂತ ವ್ಯಾಖ್ಯೆಯಲ್ಲಿ ಯಾಕೆ ಸೇರಿಸುತ್ತಾರೆ ಅನ್ನುವುದು ಇಲ್ಲಿ ಚೆನ್ನಾಗಿ ಗೊತ್ತಾಗುತ್ತದೆ.

ಅವಧಿ ಉದ್ದವಾದಂತೆ ಪೆಟ್ರೋಲ್ ಕತೆ ಬದಲಾಗುತ್ತದೆ. ನಾಳೆ ಬೆಳಗ್ಗೆಯೇ ಬೈಕ್ ಬದಲಿಸುವುದಕ್ಕೆ ಆಗಲ್ಲ ಅಲ್ವಾ? ಆದರೆ ಮೂರು ನಾಲ್ಕು ವರ್ಷದಲ್ಲಿ ಜಾಸ್ತಿ ಮೈಲೇಜ್ ಕೊಡುವ ಬೈಕ್ ತೆಗೆದುಕೊಳ್ಳಬಹುದು, ಎಲೆಕ್ಟ್ರಿಕ್ ಸ್ಕೂಟರ್‌ಗೆ ಹೋಗಬಹುದು, ಕೆಲಸದ ಹತ್ತಿರ ಮನೆ ಮಾಡಬಹುದು. ಅದಕ್ಕೇ ದೀರ್ಘಾವಧಿಯ ಅಂದಾಜುಗಳು 0.6, 0.8ರ ಕಡೆಗೆ ಹೋಗುತ್ತವೆ. ಇನ್ನೂ 1ಕ್ಕಿಂತ ಕಡಿಮೆಯೇ, ಆದರೆ ಅಲ್ಪಾವಧಿಯ ಎರಡು ಮೂರು ಪಟ್ಟು. ತೆರಿಗೆ ಏರಿಸಿದ ಮೊದಲ ವರ್ಷ ಸರ್ಕಾರಕ್ಕೆ ಸಿಗುವ ಹೆಚ್ಚುವರಿ ವರಮಾನ ಮುಂದೆಯೂ ಅಷ್ಟೇ ಸಿಗುತ್ತದೆ ಅಂತ ಹೇಳುವ ಹಾಗಿಲ್ಲ.

ಇನ್ನು ಪಾವಗಡಕ್ಕೆ ಬನ್ನಿ. ನಮ್ಮ ಜಿಲ್ಲೆಯ ಈ ತಾಲ್ಲೂಕನ್ನು ಬಹುಪಾಲು ಆಂಧ್ರವೇ ಸುತ್ತುವರಿದಿದೆ. ಕೆಲವು ವರ್ಷಗಳಿಂದ ಆಂಧ್ರದಲ್ಲಿ ಪೆಟ್ರೋಲ್ ಬೆಲೆ ಕರ್ನಾಟಕಕ್ಕಿಂತ ಲೀಟರ್‌ಗೆ ಹಲವು ರೂಪಾಯಿ ಜಾಸ್ತಿ ಇದೆ. ಗಡಿಯ ಆಚೆ ಈಚೆ ಓಡಾಡುವವರಿಗೆ ಟ್ಯಾಂಕನ್ನು ಯಾವ ಕಡೆ ತುಂಬಿಸಬೇಕು ಅನ್ನುವ ಆಯ್ಕೆ ಇದೆ. ಅವರಿಗೆ ಪೆಟ್ರೋಲ್‌ಗೆ ಬದಲಿ ಇಲ್ಲ, ನಿಜ. ಆದರೆ ಈ ಬಂಕ್‌ನ ಪೆಟ್ರೋಲ್‌ಗೆ ಆ ಬಂಕ್‌ನ ಪೆಟ್ರೋಲ್ ಪಕ್ಕಾ ಬದಲಿ. ಹಾಗಾಗಿ ಗಡಿಯ ಒಂದು ಬಂಕ್‌ನ ಮಾರಾಟ ತುಂಬಾ ಸ್ಥಿತಿಸ್ಥಾಪಕ ಆಗಿರಬಹುದು. ವಸ್ತುವನ್ನು ಎಷ್ಟು ಕಿರಿದಾಗಿ ಹಿಡಿಯುತ್ತೇವೋ ಅಷ್ಟು ಬದಲಿಗಳು ಸಿಗುತ್ತವೆ, ಅಷ್ಟೇ ಸ್ಥಿತಿಸ್ಥಾಪಕತ್ವ ಏರುತ್ತದೆ. ಉತ್ತರ ಬರೆಯುವಾಗ ನೀವು ಹೇಳುತ್ತಿರುವುದು ಇಡೀ ಪೆಟ್ರೋಲ್ ಬಗ್ಗೆಯೋ, ಒಬ್ಬ ಮಾರಾಟಗಾರರ ಪೆಟ್ರೋಲ್ ಬಗ್ಗೆಯೋ ಅನ್ನುವುದನ್ನು ಸ್ಪಷ್ಟ ಮಾಡಿ.

ಉಪ್ಪಿನ ಬಗ್ಗೆ ಇಷ್ಟು ಎಳೆಯಬೇಕಾಗಿಲ್ಲ. ನಾಲ್ಕು ಜನರ ಮನೆಗೆ ತಿಂಗಳಿಗೆ ಒಂದೂಕಾಲು ಕೆಜಿ ಉಪ್ಪು ಬೇಕು ಅಂದುಕೊಳ್ಳಿ. ಕೆಜಿಗೆ 24 ರೂಪಾಯಿ ಇದ್ದದ್ದು 30 ಆಯಿತು. ಬೆಲೆ ಶೇ 25 ಏರಿದೆ, ಸಣ್ಣದೇನಲ್ಲ. ಆದರೆ ತಿಂಗಳ ಖರ್ಚು ಏರಿದ್ದು ಏಳೂವರೆ ರೂಪಾಯಿ. ಅದಕ್ಕಾಗಿ ಸಾರಿಗೆ ಉಪ್ಪು ಕಡಿಮೆ ಹಾಕುವವರು ಯಾರೂ ಇಲ್ಲ. ಬದಲಿ ಇಲ್ಲದಿರುವುದು ಒಂದು ಕಾರಣ, ಸಂಬಳದಲ್ಲಿ ಉಪ್ಪಿನ ಪಾಲು ತೀರಾ ಸಣ್ಣದು ಅನ್ನುವುದು ಇನ್ನೊಂದು. ಎರಡೂ ಸೇರಿದ್ದರಿಂದ Ed ಸೊನ್ನೆಗೆ ಹತ್ತಿರ. ಬ್ರಿಟಿಷ್ ಸರ್ಕಾರ ಉಪ್ಪಿನ ಮೇಲೆ ತೆರಿಗೆ ಹಾಕಿದ್ದರ ಹಿಂದೆಯೂ ಇದೇ ಲೆಕ್ಕ ಕೆಲಸ ಮಾಡುತ್ತದೆ. ತೆರಿಗೆ ಏರಿಸಿದರೂ ಯಾರೂ ಉಪ್ಪು ಬಿಡುವ ಹಾಗಿರಲಿಲ್ಲ. ಕಡು ಬಡವರೂ ಕಟ್ಟಲೇಬೇಕಿತ್ತು. 1930ರಲ್ಲಿ ಗಾಂಧೀಜಿ ದಂಡಿಗೆ ನಡೆದಾಗ ಆ ತೆರಿಗೆಯ ಅನ್ಯಾಯ ಎಲ್ಲರಿಗೂ ಅರ್ಥವಾಗಿದ್ದಕ್ಕೆ ಇದೂ ಒಂದು ಕಾರಣ ಅನ್ನುವುದು ನನ್ನ ಅಭಿಪ್ರಾಯ.

ಒಂದು ಎಚ್ಚರ: ಸೊನ್ನೆಗೆ ಹತ್ತಿರ ಅನ್ನುವುದು ನಾವು ಕಂಡಿರುವ ಬೆಲೆಗಳಿಗೆ ಮಾತ್ರ. ಕೆಜಿಗೆ 500 ರೂಪಾಯಿ ಆದರೆ ಉಪ್ಪಿನಕಾಯಿ ಹಾಕುವವರು ಯೋಚನೆ ಮಾಡಿಯೇ ಮಾಡುತ್ತಾರೆ.

ಮೂರನೆಯದು ಐಷಾರಾಮಿ ವಸ್ತು. ಇಲ್ಲಿ ಲೆಕ್ಕದ ತೊಂದರೆಯೂ ಇದೆ, ಅರ್ಥದ ತೊಂದರೆಯೂ ಇದೆ. ಒಂದು ಸೀರೆ ಅಂಗಡಿಯ ಕಲ್ಪಿತ ಲೆಕ್ಕ ತೆಗೆದುಕೊಳ್ಳೋಣ. 12,000 ರೂಪಾಯಿಯ ರೇಷ್ಮೆ ಸೀರೆ ತಿಂಗಳಿಗೆ 40 ಹೋಗುತ್ತಿತ್ತು. ಬೆಲೆಯನ್ನು 10,800ಕ್ಕೆ ಇಳಿಸಿದರು, 52 ಹೋಯಿತು. ಬೆಲೆ ಶೇ 10 ಇಳಿದಿದೆ, ಮಾರಾಟ ಶೇ 30 ಏರಿದೆ. Ed ಅಂದರೆ 3. ಈಗ ಇದನ್ನೇ ತಿರುಗಿಸಿ. 10,800ರಿಂದ 12,000ಕ್ಕೆ ಏರಿಸಿದರೆ ಬೆಲೆ ಶೇ 11.1 ಏರಿತು, ಮಾರಾಟ 52ರಿಂದ 40ಕ್ಕೆ ಬಂದರೆ ಶೇ 23.1 ಇಳಿಯಿತು. Ed ಸುಮಾರು 2.1. ಅದೇ ಎರಡು ಬಿಂದು, ಉತ್ತರ ಮಾತ್ರ ಬೇರೆ! ಯಾವ ಬೆಲೆಯನ್ನು ಆಧಾರವಾಗಿ ಹಿಡಿದೆವು ಅನ್ನುವುದರಿಂದ ಈ ವ್ಯತ್ಯಾಸ. ಬದಲಾವಣೆ ದೊಡ್ಡದಾಗಿದ್ದಾಗ ಎರಡೂ ತುದಿಗಳ ಸರಾಸರಿಯನ್ನು ಆಧಾರವಾಗಿ ಹಿಡಿಯಿರಿ.

```
ΔQ / Q = 12 / 46      = 26.1%
ΔP / P = 1200 / 11400 = 10.5%
Ed     = 26.1 / 10.5  = 2.5 (ಸುಮಾರು)
```

ಯಾವ ಕಡೆಯಿಂದ ಹೋದರೂ ಇದು ಒಂದೇ ಉತ್ತರ ಕೊಡುತ್ತದೆ.

ಬೇಡಿಕೆ ಸ್ಥಿತಿಸ್ಥಾಪಕ ಆಗಿದ್ದರಿಂದ ಅಂಗಡಿಯ ಒಟ್ಟು ವಹಿವಾಟು 4,80,000ದಿಂದ 5,61,600ಕ್ಕೆ ಏರಿತು. "ಸ್ಥಿತಿಸ್ಥಾಪಕ ಇದ್ದರೆ ಬೆಲೆ ಇಳಿಸು, ಲಾಭ" ಅಂತ ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಒಂದು ಸೀರೆ ಅಂಗಡಿಗೆ ಬಿದ್ದ ಅಸಲು 9,500 ರೂಪಾಯಿ ಅಂತ ಇಟ್ಟುಕೊಳ್ಳಿ. ಮೊದಲು ಒಂದರ ಮೇಲೆ 2,500 ಉಳಿಯುತ್ತಿತ್ತು, 40ಕ್ಕೆ ಒಂದು ಲಕ್ಷ. ಈಗ ಉಳಿಯುವುದು 1,300, 52ಕ್ಕೆ 67,600. ವಹಿವಾಟು ಏರಿದೆ, ಲಾಭ ಮೂರನೇ ಒಂದು ಭಾಗದಷ್ಟು ಬಿದ್ದಿದೆ. ಸ್ಥಿತಿಸ್ಥಾಪಕತ್ವ ನಮಗೆ ಒಟ್ಟು ಆದಾಯದ ಬಗ್ಗೆ ಹೇಳುತ್ತದೆ. ಲಾಭ ತಿಳಿಯಬೇಕಾದರೆ ವೆಚ್ಚವೂ ಗೊತ್ತಿರಬೇಕು.

ಆ 12 ಹೆಚ್ಚುವರಿ ಸೀರೆಗಳು ಬೆಲೆ ಇಳಿದಿದ್ದಕ್ಕೇ ಹೋದವಾ ಅನ್ನುವುದನ್ನೂ ಕೇಳಲೇಬೇಕು. ಡಿಸ್ಕೌಂಟ್ ಹಾಕಿದ್ದು ವರಮಹಾಲಕ್ಷ್ಮಿ ಹಬ್ಬದ ತಿಂಗಳಲ್ಲಾದರೆ ಬೆಲೆ ಇಳಿಸದಿದ್ದರೂ ಹತ್ತು ಸೀರೆ ಜಾಸ್ತಿ ಹೋಗುತ್ತಿತ್ತೇನೋ. ಆಗ ಬೇಡಿಕೆ ರೇಖೆಯೇ ಬಲಕ್ಕೆ ಸರಿದಿರುತ್ತದೆ. ನಾವು ಲೆಕ್ಕ ಹಾಕಿದ 2.5ರಲ್ಲಿ ಹಬ್ಬವೂ ಸೇರಿಕೊಂಡಿರುತ್ತದೆ. "ಇತರ ಅಂಶಗಳು ಸ್ಥಿರವಾಗಿದ್ದರೆ" ಅನ್ನುವ ಮಾತನ್ನು ನಿಯಮದ ಕೊನೆಗೆ ಸುಮ್ನೆ ಅಂಟಿಸಿಲ್ಲ. ಹಿಂದಿನ ವರ್ಷದ ಅದೇ ಹಬ್ಬದ ತಿಂಗಳಿನ ಜೊತೆ ಹೋಲಿಸಿದರೆ ಈ ತೊಂದರೆ ಸಾಕಷ್ಟು ಕಡಿಮೆ ಆಗುತ್ತದೆ.

ಅರ್ಥದ ತೊಂದರೆ ಅಂದೆನಲ್ಲ, ಅದು ಇದು. ಅರ್ಥಶಾಸ್ತ್ರದಲ್ಲಿ ಒಂದು ವಸ್ತುವನ್ನು ಐಷಾರಾಮಿ ಅಂತ ಕರೆಯುವುದು ಆದಾಯ ಸ್ಥಿತಿಸ್ಥಾಪಕತ್ವ ನೋಡಿ. ಆದಾಯ ಶೇ 1 ಏರಿದಾಗ ಅದರ ಬೇಡಿಕೆ ಶೇ 1ಕ್ಕಿಂತ ಜಾಸ್ತಿ ಏರಿದರೆ ಅದು ಐಷಾರಾಮಿ. ಅದರ ಬೆಲೆ ಸ್ಥಿತಿಸ್ಥಾಪಕತ್ವವೂ ಜಾಸ್ತಿ ಇರುವುದು ಸಾಮಾನ್ಯ, ಯಾಕೆಂದರೆ ಖರೀದಿಯನ್ನು ಮುಂದೂಡಬಹುದು, ದುಡ್ಡನ್ನು ಬೇರೆ ಕಡೆ ಹಾಕಬಹುದು. ಆದರೆ ವ್ಯಾಖ್ಯೆಯಲ್ಲಿ ಅದು ಇಲ್ಲ. ಮಗಳ ಮದುವೆಯ ಧಾರೆ ಸೀರೆ ತೆಗೆಯಲು ಬಂದವರಿಗೆ ಸಾವಿರ ರೂಪಾಯಿ ಹೆಚ್ಚಾಯಿತು ಅಂತ ಸೀರೆ ಬಿಟ್ಟು ಹೋಗುವುದಕ್ಕೆ ಆಗುತ್ತದಾ?

ಮುಂದೂಡಬಹುದಾದ ಐಷಾರಾಮಿ ವಸ್ತುವಿನ ಮೇಲೆ ತೆರಿಗೆ ಹಾಕಿದರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದ ಒಂದು ಉದಾಹರಣೆ ಇದೆ. ಅಲ್ಲಿ 1990ರಲ್ಲಿ ಒಪ್ಪಿಗೆ ಪಡೆದು 1991ರಲ್ಲಿ ಜಾರಿಗೆ ಬಂದ ಕಾನೂನಿನಲ್ಲಿ ದುಬಾರಿ ಕಾರು, ಒಡವೆ, ತುಪ್ಪಳದ ಉಡುಪು, ಸ್ವಂತ ವಿಮಾನ ಮತ್ತು ವಿಹಾರ ದೋಣಿಗಳ ಮೇಲೆ ಶೇ 10 ತೆರಿಗೆ ಹಾಕಿದರು. ದೋಣಿಯಾದರೆ ಒಂದು ಲಕ್ಷ ಡಾಲರ್ ಮೀರಿದ ಮೊತ್ತಕ್ಕೆ ಮಾತ್ರ ತೆರಿಗೆ. ಶ್ರೀಮಂತರಿಗೆ ಅದು ದೊಡ್ಡ ಹೊರೆಯೇನಲ್ಲ, ಆದರೆ ಅವರಿಗೆ ಬೇರೆ ದಾರಿಗಳಿದ್ದವು. ಹೊಸ ದೋಣಿ ಕೊಳ್ಳುವುದನ್ನು ಬಿಟ್ಟು ಸುಮ್ಮನಿರಬಹುದಿತ್ತು, ಹಳೆಯದನ್ನೇ ಇಟ್ಟುಕೊಳ್ಳಬಹುದಿತ್ತು. ಆಗ ಆರ್ಥಿಕ ಹಿಂಜರಿತವೂ ಇದ್ದುದರಿಂದ ಮಾರಾಟ ಕುಸಿದಿದ್ದೆಲ್ಲ ತೆರಿಗೆಯಿಂದಲೇ ಅನ್ನುವ ಹಾಗಿಲ್ಲ. ಆದರೂ ತೆರಿಗೆಯ ಪೆಟ್ಟು ಬಿದ್ದವರಲ್ಲಿ ದೋಣಿ ಕಟ್ಟುವ ಕೆಲಸಗಾರರೂ ಇದ್ದರು. 1993ರಲ್ಲಿ ಕಾರಿನ ಮೇಲಿನ ತೆರಿಗೆಯೊಂದನ್ನು ಉಳಿಸಿಕೊಂಡು ಉಳಿದದ್ದನ್ನೆಲ್ಲ ರದ್ದು ಮಾಡಿದರು.